ಗುಂಡಿನ ವೇಗೋತ್ಕರ್ಷ ಲೆಕ್ಕಕ್ಕಿಂತ ಕಡಿಮೆ ಬಂದಿದೆ, ತೀರ್ಮಾನ ಏನು ಬರೆಯಲಿ?

ಪೆರ್ಲದ ವಿದ್ಯಾರ್ಥಿನಿ: ಬಿಎಸ್ಸಿ ಮೊದಲ ವರ್ಷ. ಅಲ್ಯೂಮಿನಿಯಂ ಚಾನಲನ್ನು ಓರೆ ಇಟ್ಟು ಸ್ಟೀಲ್ ಗುಂಡು ಉರುಳಿಸಿದೆವು. ಒಂದು ಮೀಟರ್ ಉದ್ದಕ್ಕೆ 10 ಸೆಂ.ಮೀ. ಎತ್ತರ. ಲೆಕ್ಕದಲ್ಲಿ ವೇಗೋತ್ಕರ್ಷ 0.70 m/s² ಬರಬೇಕು, ನಮಗೆ ಸಿಕ್ಕಿದ್ದು 0.59. "ಘರ್ಷಣೆಯಿಂದ ಕಡಿಮೆಯಾಗಿದೆ" ಅಂತ ತೀರ್ಮಾನ ಬರೆದೆ. ಮಾಷ್ಟ್ರು ಕೆಂಪು ಶಾಯಿಯಲ್ಲಿ "ಯಾವ ಘರ್ಷಣೆ? ಎಷ್ಟು?" ಅಂತ ಬರೆದು ರೆಕಾರ್ಡ್ ವಾಪಸ್ ಕೊಟ್ಟಿದ್ದಾರೆ. ಹೀಗೆ ಆದವರು ಏನು ಬರೆದಿರಿ?

ಮುಳ್ಳೇರಿಯದ ಇಂಜಿನಿಯರಿಂಗ್ ವಿದ್ಯಾರ್ಥಿ: ಇದು ಸ್ಟಾಪ್‌ವಾಚ್ ಒತ್ತುವ ಕೈಯ ತಡ. 0.70 ಇದ್ದರೆ ಒಂದು ಮೀಟರಿಗೆ 1.69 ಸೆಕೆಂಡ್ ಸಾಕು. ನಿಮಗೆ ಸುಮಾರು 1.84 ಬಂದಿರಬೇಕು. 0.15 ಸೆಕೆಂಡ್ ಅಂದರೆ ಕೈಯಲ್ಲಿ ಆಗುವಷ್ಟೇ ವ್ಯತ್ಯಾಸ. ಸಮಯದ ತಪ್ಪು ವರ್ಗವಾಗಿ ಲೆಕ್ಕಕ್ಕೆ ಬರುತ್ತದಲ್ವಾ, ಅದಕ್ಕೇ ಇಷ್ಟು ದೊಡ್ಡದಾಗಿ ಕಾಣುತ್ತದೆ. ಹಾಗೆ ಬರೆಯಿರಿ.

ಬದಿಯಡ್ಕದ ಕೃಷಿಕ: ಶಾಲೆಯಲ್ಲಿದ್ದಾಗ ನಾವು ಅಡಕೆ ದಂಬೆಯಲ್ಲಿ ಗೋಲಿ ಬಿಟ್ಟು ಇದನ್ನೇ ಮಾಡಿದ್ದೆವು. ದಂಬೆಯ ಒಳಗಿನ ನಾರು ಗೋಲಿಯನ್ನು ಹಿಡಿದುಕೊಳ್ಳುತ್ತಿತ್ತು. ಸ್ವಲ್ಪ ಓರೆ ಮಾಡಿದರೆ ಅಲುಗಾಡುತ್ತಲೇ ಇರಲಿಲ್ಲ, ಚೆನ್ನಾಗಿ ಎತ್ತಿದ ಮೇಲೆ ಮಾತ್ರ ಓಡುತ್ತಿತ್ತು. ಮರಳು ಕಾಗದ ಹಾಕಿ ತಿಕ್ಕಿ ಮೇಣ ಸವರಿದ ಮೇಲೆ ಸರಿಯಾಯಿತು. ನೀವೂ ಚಾನಲಿಗೆ ಸ್ವಲ್ಪ ಮೇಣ ಹಚ್ಚಿ ನೋಡಿ.

ಕುಂಬಳೆಯ ನಿವೃತ್ತ ಫಿಸಿಕ್ಸ್ ಟೀಚರ್: ಮಗಳೇ, ಮೇಣ ಹಚ್ಚುವ ಮೊದಲು ಮೂರು ಸಂಗತಿ ಹೇಳು. ಗುಂಡಿನ ವ್ಯಾಸ ಎಷ್ಟು? ಚಾನಲಿನ ಬಾಯಿ ಎಷ್ಟು ಅಗಲ, ಗುಂಡು ತಳ ಮುಟ್ಟುತ್ತದಾ ಅಥವಾ ಎರಡು ಅಂಚಿನ ಮೇಲೆ ಕೂತಿರುತ್ತದಾ? 50 ಸೆಂ.ಮೀ.ಗೆ ಸಮಯ ಅಳೆದಿದ್ದೀರಾ?

ಪೆರ್ಲದ ವಿದ್ಯಾರ್ಥಿನಿ: ಟೀಚರ್, ಗುಂಡು 20 ಮಿ.ಮೀ. ಚಾನಲ್ ಸ್ಲೈಡಿಂಗ್ ಕಿಟಕಿಯದ್ದು, ಒಳಗಲ 12 ಮಿ.ಮೀ. ಗುಂಡು ಅಂಚಿನ ಮೇಲೇ ಕೂರುತ್ತದೆ, ತಳ ಮುಟ್ಟುವುದಿಲ್ಲ. 50 ಸೆಂ.ಮೀ.ಗೆ ಸರಾಸರಿ 1.31 ಸೆಕೆಂಡ್. ಚಾನಲಿನ ತುದಿಗೆ ಅರ್ಧ ಸೆಂ.ಮೀ. ದಪ್ಪದ ನೋಟ್‌ಬುಕ್ ಒಂದನ್ನು ಇಟ್ಟರೂ ಗುಂಡು ತಾನಾಗಿ ಉರುಳುತ್ತದೆ. ಮೇಜು ಸಮವಾಗಿದೆ, ಲೆವೆಲ್ ಇಟ್ಟು ನೋಡಿದ್ದೆವು.

ಕುಂಬಳೆಯ ಟೀಚರ್: ಹಾಗಾದರೆ ನಿನ್ನ ಉತ್ತರ ಆ ಅಂಚಿನಲ್ಲೇ ಇದೆ.

ಮೊದಲು ಕೈಯ ತಡದ ಮಾತು. ನಿಜವಾದ ವೇಗೋತ್ಕರ್ಷ 0.70 ಆಗಿದ್ದು, ಪ್ರತಿ ಸಲ 0.15 ಸೆಕೆಂಡ್ ಜಾಸ್ತಿ ಸೇರುತ್ತಿದ್ದರೆ 50 ಸೆಂ.ಮೀ.ಗೆ 1.35 ಬರಬೇಕಿತ್ತು. ದೂರ ಕಡಿಮೆಯಾದ ಹಾಗೆ ಆ ತಡದ ಪಾಲು ದೊಡ್ಡದಾಗುತ್ತದೆ, ಅಲ್ಲಿ ವೇಗೋತ್ಕರ್ಷ 0.55ಕ್ಕೆ ಇಳಿಯಬೇಕಿತ್ತು. ನಿನ್ನ 1.31ರಿಂದ ಲೆಕ್ಕ ಹಾಕಿದರೆ 0.58. ಅರ್ಧ ದೂರಕ್ಕೂ ಪೂರ್ತಿ ದೂರಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕೈಯ ತಡ ಮುಖ್ಯ ಕಾರಣ ಅಲ್ಲ.

ಇನ್ನು ಘರ್ಷಣೆ. ಗುಂಡನ್ನು ಉರುಳಿಸುವುದೇ ಘರ್ಷಣೆ. ಅದು ಇಲ್ಲದಿದ್ದರೆ ಗುಂಡು ಸುಮ್ನೆ ಜಾರಿಕೊಂಡು 0.98ರಲ್ಲಿ ಬರುತ್ತಿತ್ತು. ನಿನ್ನ 0.70 ಅಂದರೆ ಈ 0.98ರ 5/7 ಪಾಲು. ಸೂತ್ರದ ಆ 5/7 ಒಳಗೆ ಘರ್ಷಣೆ ಆಗಲೇ ಸೇರಿದೆ, ಅದನ್ನೇ ಇನ್ನೊಮ್ಮೆ ಕಾರಣ ಅಂತ ಹೇಳಲಿಕ್ಕಾಗದು. ಉಳಿದಿರುವುದು ಬದಿಯಡ್ಕದವರು ದಂಬೆಯಲ್ಲಿ ಕಂಡಂಥ ಎಳೆತ. ಅಂಥ ಎಳೆತ 0.11ರಷ್ಟನ್ನು ತಿನ್ನುತ್ತಿದ್ದರೆ ಸುಮಾರು ಒಂದೂವರೆ ಸೆಂ.ಮೀ. ಎತ್ತುವವರೆಗೆ ಗುಂಡು ಕದಲಬಾರದಿತ್ತು. ನಿನ್ನದು ನೋಟ್‌ಬುಕ್ ಇಟ್ಟರೇ ಓಡುತ್ತದೆ. ಎಳೆತ ಇದೆ, ಆದರೆ ಸ್ವಲ್ಪವೇ.

ಈಗ ಅಂಚಿಗೆ ಬರೋಣ. 5/7 ಇರುವುದು ಸಮತಟ್ಟಾದ ಹಲಗೆಯ ಮೇಲೆ ಉರುಳುವ ಗುಂಡಿಗೆ. ಅಲ್ಲಿ ಗುಂಡು ತನ್ನ ಪೂರ್ತಿ ತ್ರಿಜ್ಯ 10 ಮಿ.ಮೀ. ಮೇಲೆ ಉರುಳುತ್ತದೆ, ಒಂದು ಸುತ್ತಿಗೆ 63 ಮಿ.ಮೀ. ಮುಂದೆ ಹೋಗುತ್ತದೆ. ನಿನ್ನ ಗುಂಡು 12 ಮಿ.ಮೀ. ಬಾಯಿಯೊಳಗೆ 2 ಮಿ.ಮೀ. ಇಳಿದು ಕೂತಿದೆ. ನಡುವಿನಿಂದ ಅಂಚಿನ ಮಟ್ಟಕ್ಕೆ 8 ಮಿ.ಮೀ. ಮಾತ್ರ. ಒಂದು ಸುತ್ತಿಗೆ 50 ಮಿ.ಮೀ. ಅಷ್ಟೇ ಸಾಗುತ್ತದೆ. ಅದೇ ದೂರ ಹೋಗಲು ಜಾಸ್ತಿ ಸುತ್ತಬೇಕು. ಇಳಿಯುವಾಗ ಸಿಕ್ಕ ಶಕ್ತಿಯಲ್ಲಿ ಜಾಸ್ತಿ ಪಾಲು ತಿರುಗುವುದಕ್ಕೆ ಹೋಗುತ್ತದೆ, ಮುಂದೆ ಓಡಲು ಕಡಿಮೆ ಉಳಿಯುತ್ತದೆ. ಸೂತ್ರ ಹೀಗಾಗುತ್ತದೆ:

```
a = g sinθ / (1 + (2/5)(R/r)²)
R = 10, r = √(10² − 6²) = 8
a = 0.98 / 1.625 = 0.60
```

ನಿನಗೆ 0.59 ಬಂದಿದೆ. ನಿನ್ನ ಅಳತೆ ಕೆಟ್ಟಿಲ್ಲ, ಹೋಲಿಸಿದ ಸಂಖ್ಯೆ ಈ ಚಾನಲಿನದ್ದಲ್ಲ.

ಮುಳ್ಳೇರಿಯದ ವಿದ್ಯಾರ್ಥಿ: 50 ಸೆಂ.ಮೀ. ಲೆಕ್ಕ ಒಪ್ಪಿದೆ. ಆದರೆ ಟೀಚರ್, ಉತ್ತರ ಸಿಕ್ಕಿದ ಮೇಲೆ ಅದಕ್ಕೆ ಹೊಂದುವ ಸೂತ್ರ ಹುಡುಕಿದ ಹಾಗೆ ಆಗಲ್ವಾ? ಅವಳ ಮಾಷ್ಟ್ರು ಇದನ್ನೂ ಕೇಳಬಹುದು.

ಕುಂಬಳೆಯ ಟೀಚರ್: ಕೇಳಲೇಬೇಕು, ಒಳ್ಳೆಯ ಪ್ರಶ್ನೆ. ಅದಕ್ಕೆ ಬೇರೆ ಅಳತೆಯ ಗುಂಡು ತೆಗೆದುಕೊಂಡು, ಉರುಳಿಸುವ ಮೊದಲೇ ಎಷ್ಟು ಬರುತ್ತದೆ ಅಂತ ಬರೆದಿಡಬೇಕು. ಹಲಗೆಯ ಸೂತ್ರದ ಪ್ರಕಾರ ಗುಂಡು ದೊಡ್ಡದಿರಲಿ ಸಣ್ಣದಿರಲಿ 0.70. ಅಂಚಿನ ಸೂತ್ರದ ಪ್ರಕಾರ ಇದೇ ಚಾನಲಿನಲ್ಲಿ 30 ಮಿ.ಮೀ. ಗುಂಡಿಗೆ 0.66, 16 ಮಿ.ಮೀ. ಗುಂಡಿಗೆ 0.51. ಇಷ್ಟು ವ್ಯತ್ಯಾಸ ಸ್ಟಾಪ್‌ವಾಚಿಗೂ ಕಾಣುತ್ತದೆ.

ಬದಿಯಡ್ಕದ ಕೃಷಿಕ: ಅಂದರೆ ನಮ್ಮ ದಂಬೆಯಲ್ಲಿಯೂ ಈ ಕತೆ ಇತ್ತಾ? ಅದಕ್ಕೆ ಅಂಚು ಅಂತ ಇಲ್ಲ, ಒಳಗೆ ಉರುಟು.

ಕುಂಬಳೆಯ ಟೀಚರ್: ದಂಬೆಯ ಒಳಗು ಗೋಲಿಗಿಂತ ಎಷ್ಟೋ ಅಗಲ ಅಲ್ವಾ, ಗೋಲಿ ತಳದಲ್ಲೇ ಉರುಳುತ್ತದೆ. ಅಲ್ಲಿ ನಿಮ್ಮ ಮೇಣವೇ ಸರಿ. ಗೆಲಿಲಿಯೋ ಕೂಡ ಮರದ ತೋಡಿನ ಒಳಗೆ ನುಣುಪಾದ ಚರ್ಮದ ಹಾಳೆ ಅಂಟಿಸಿ ಕಂಚಿನ ಗುಂಡು ಉರುಳಿಸಿದ್ದ.

ಪೆರ್ಲದ ವಿದ್ಯಾರ್ಥಿನಿ: ಸೈಕಲ್ ಅಂಗಡಿಯಲ್ಲಿ ಕೇಳಿ 16 ಮಿ.ಮೀ. ಗುಂಡು ತಂದೆ. ವರ್ನಿಯರಿನಲ್ಲಿ ಅಳೆದು, 0.51 ಅಂತ ಮೊದಲೇ ಬರೆದಿಟ್ಟು ಉರುಳಿಸಿದೆವು. ಒಂದು ಮೀಟರಿಗೆ ಸರಾಸರಿ 2.02 ಸೆಕೆಂಡ್, ಅಂದರೆ 0.49. ಸಣ್ಣ ಗುಂಡು ನಿಧಾನ ಬರುವುದು ಕಣ್ಣಿಗೇ ಕಾಣುತ್ತದೆ ಟೀಚರ್! ಆದರೆ ಎರಡು ಸಲವೂ ಸ್ವಲ್ಪ ಕಡಿಮೆಯೇ ಬಂತು. ಆ ಸ್ವಲ್ಪಕ್ಕೆ ಈಗ ಘರ್ಷಣೆ ಅಂತ ಬರೆಯಬಹುದಾ?

ಮುಳ್ಳೇರಿಯದ ವಿದ್ಯಾರ್ಥಿ: ಅದು ಸ್ಟಾಪ್‌ವಾಚ್‌ನದ್ದೇ. 0.04 ಸೆಕೆಂಡ್ ಆಚೀಚೆ ಆದರೆ ಮುಗಿಯಿತು.

ಕುಂಬಳೆಯ ಟೀಚರ್: ಇರಬಹುದು. ಆದರೆ ಸಣ್ಣ ಗುಂಡು ಅಂಚುಗಳ ನಡುವೆ ಬೆಣೆಯ ಹಾಗೆ ಇನ್ನೂ ಬಿಗಿಯಾಗಿ ಕೂರುತ್ತದೆ, ಅಂಚಿನಲ್ಲಿ ಉಜ್ಜುವುದೂ ಜಾಸ್ತಿ. ಅದರಲ್ಲಿ ಕೊರತೆ ಜಾಸ್ತಿ ಕಂಡಿದೆ, ನನಗೆ ಎಳೆತದ ಮೇಲೂ ಅನುಮಾನ ಇದೆ. ಎರಡನ್ನೂ ಬೇರೆ ಮಾಡಬೇಕಾದರೆ ಎತ್ತರ 4, 6, 8, 10 ಸೆಂ.ಮೀ. ಇಟ್ಟು ವೇಗೋತ್ಕರ್ಷದ ಗ್ರಾಫ್ ಹಾಕು. ಗೆರೆ ಸೊನ್ನೆಯ ಮೂಲಕ ಹೋಗದೆ ಸ್ವಲ್ಪ ಎತ್ತರ ಆದ ಮೇಲೆ ಶುರುವಾದರೆ ಎಳೆತ ಇದೆ ಅಂತ ಅರ್ಥ. ಆ ಗ್ರಾಫ್ ಇಲ್ಲದೆ ಘರ್ಷಣೆ ಅಂತ ಬರೆಯಬೇಡ. ಸದ್ಯಕ್ಕೆ ತೀರ್ಮಾನ ಹೀಗಿರಲಿ: "ಗುಂಡು ಚಾನಲಿನ ಅಂಚುಗಳ ಮೇಲೆ ಉರುಳುವುದರಿಂದ ನಿರೀಕ್ಷಿತ ವೇಗೋತ್ಕರ್ಷ 0.60, ಅಳೆದದ್ದು 0.59. 16 ಮಿ.ಮೀ. ಗುಂಡಿಗೆ ನಿರೀಕ್ಷೆ 0.51, ಅಳೆದದ್ದು 0.49. ಉಳಿದ ವ್ಯತ್ಯಾಸ ಸಮಯದ ಅಳತೆಯದ್ದೋ ಉರುಳುವಾಗಿನ ಎಳೆತದ್ದೋ ಎಂಬುದು ಈ ಅಳತೆಗಳಿಂದ ತಿಳಿಯುವುದಿಲ್ಲ."

ಪೆರ್ಲದ ವಿದ್ಯಾರ್ಥಿನಿ: ಬರೆದುಕೊಂಡೆ ಟೀಚರ್. ಲ್ಯಾಬ್ ಇನ್ನು ಸೋಮವಾರ. 4 ಸೆಂ.ಮೀ.ಯಿಂದ ಶುರು ಮಾಡುತ್ತೇವೆ, ಗ್ರಾಫ್ ಆದ ಕೂಡಲೇ ಇಲ್ಲಿ ಹಾಕುತ್ತೇನೆ.