ರಾತ್ರಿ ಪಾಳಿ ಎಲ್ಲಿ ಹೋಯಿತು?

ಡಿಪ್ಲೊಮಾ ಸಹಪಾಠಿಗಳ ವಾಟ್ಸಾಪ್ ಗುಂಪು, ಭಾನುವಾರ ಬೆಳಗ್ಗೆ

ಮಲ್ಲಿಕಾರ್ಜುನ (ಬೆಳಗಾವಿ), 7:10
ಶುಕ್ರವಾರ ರಾತ್ರಿ 9:40ಕ್ಕೆ ಉದ್ಯಮಬಾಗದ ನಮ್ಮ ಫೌಂಡ್ರಿಯ ಸರ್ವರ್‌ನಲ್ಲಿ ಪವರ್ ಸಪ್ಲೈ ಸುಟ್ಟುಹೋಯಿತು. ಹೊಸದನ್ನು ಹಾಕಿ ಯಂತ್ರ ಏಳಿಸುವಷ್ಟರಲ್ಲಿ ಶನಿವಾರ ಬೆಳಗ್ಗೆ 6:20. ಆದರೂ ಪಾಳಿ ಆರಂಭಿಸುವ ಕೆಲಸ ತಾನಾಗಿ ಓಡಿತು. ಕಾರಣ ನನ್ನ systemd ಟೈಮರ್ ಫೈಲಿನ ಈ ಕೊನೆಯ ಸಾಲು. ಕ್ರಾನ್ ಬಳಸುತ್ತಿರುವವರೆಲ್ಲ ಇದಕ್ಕೆ ಬದಲಾಯಿಸಿಕೊಳ್ಳಿ.

```
[Timer]
OnCalendar=*-*-* 06,14,22:00:00
Persistent=true
```

ಶಿವಾನಂದ (ಮುಧೋಳ), 7:18
ಕ್ರಾನ್‌ನಲ್ಲಿ ಏನಾಗುತ್ತಿತ್ತು?

ಮಲ್ಲಿಕಾರ್ಜುನ, 7:20
ಏನೂ ಆಗುತ್ತಿರಲಿಲ್ಲ. 6 ಗಂಟೆಗೆ ಯಂತ್ರ ಮಲಗಿದ್ದರೆ ಆ 6 ಗಂಟೆಯ ಕೆಲಸವನ್ನು ಕ್ರಾನ್ ಮರೆತುಬಿಡುತ್ತದೆ, ಮುಂದಿನದು ಮಧ್ಯಾಹ್ನ 2ಕ್ಕೇ. ಇಲ್ಲಿ ಹಾಗಲ್ಲ. ಕೊನೆಯ ಸಲ ಓಡಿದ ಹೊತ್ತನ್ನು ಟೈಮರ್ ಡಿಸ್ಕಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಎದ್ದ ಮೇಲೆ ನಡುವೆ ಯಾವುದಾದರೂ ತಪ್ಪಿದೆ ಎಂದು ಕಂಡರೆ ಕೂಡಲೇ ಓಡಿಸುತ್ತದೆ.

ಸವಿತಾ (ವಿಜಯಪುರ), 7:31
ಎಷ್ಟು ಸಲ ಓಡಿಸಿತು?

ಮಲ್ಲಿಕಾರ್ಜುನ, 7:32
ಒಂದು ಸಲ.

ಸವಿತಾ, 7:34
ತಪ್ಪಿದ್ದು ಎರಡು. ರಾತ್ರಿ 10ರದು, ಬೆಳಗಿನ 6ರದು. ಎಷ್ಟೇ ತಪ್ಪಿರಲಿ, ಆ ಸಾಲು ಒಂದೇ ಸಲ ಓಡಿಸುತ್ತದೆ. ಯಾವ ಗಂಟೆಯ ಪಾಲಿಗೆ ಓಡುತ್ತಿದ್ದೇನೆ ಎಂಬುದೂ ನಿನ್ನ ಸ್ಕ್ರಿಪ್ಟಿಗೆ ತಿಳಿದಿರುವುದಿಲ್ಲ. ಅದು ಗಡಿಯಾರ ನೋಡಿ ಪಾಳಿ ಆರಿಸುತ್ತದೆಯಲ್ಲವೇ? ಹಾಗಿದ್ದರೆ ಶುಕ್ರವಾರದ ರಾತ್ರಿ ಪಾಳಿಯನ್ನು ತೆರೆದು ನೋಡು, ದಯವಿಟ್ಟು ಈಗಲೇ ನೋಡು.

ಮಲ್ಲಿಕಾರ್ಜುನ, 7:52
ನೋಡಿದೆ. ರಾತ್ರಿ ಪಾಳಿಯೇ ಇಲ್ಲ. ನನ್ನ ಸ್ಕ್ರಿಪ್ಟ್ ಮೊದಲು ತೆರೆದಿರುವ ಪಾಳಿಯನ್ನು ಮುಚ್ಚುತ್ತದೆ, ಆಮೇಲೆ ಹೊಸದನ್ನು ತೆರೆಯುತ್ತದೆ. 6:20ಕ್ಕೆ ತೆರೆದಿದ್ದದ್ದು ಶುಕ್ರವಾರ ಮಧ್ಯಾಹ್ನ 2ರ ಪಾಳಿ. ಅದನ್ನು ಆಗ ಮುಚ್ಚಿದೆ. ಹೀಗಾಗಿ ಮಧ್ಯಾಹ್ನದವರು 16 ಗಂಟೆ 20 ನಿಮಿಷ ದುಡಿದಂತೆ ದಾಖಲಾಗಿದೆ, ರಾತ್ರಿಯವರು ಬಂದೇ ಇಲ್ಲ ಎಂದಾಗಿದೆ. ಅವರ ಕೆಲಸವೆಲ್ಲ ಕಾಗದದ ಮೇಲೆ ಮಾತ್ರ ಇದೆ.

ಶಿವಾನಂದ, 8:05
ನಾನು ಇದಕ್ಕೇ ಹೆದರುವುದು. ಸಕ್ಕರೆ ಕಾರ್ಖಾನೆಯಲ್ಲಿ ಹನ್ನೆರಡು ಹಂಗಾಮು ಪಾಳಿ ನಡೆಸಿದ್ದೇನೆ. ತಪ್ಪಿದ್ದನ್ನು ಯಂತ್ರ ತಾನೇ ತುಂಬಬಾರದು. ಪಾಳಿ ಮೇಲ್ವಿಚಾರಕ ಬಂದು ನೋಡಿ, ತಾನೇ ಗುಂಡಿ ಒತ್ತಿ ಆರಂಭಿಸಲಿ. ನಿಮ್ಮಲ್ಲಿ ಪಾಳಿಯ ಆರಂಭಕ್ಕೆ ಮರಳಿನ ತೇವಾಂಶ ಪರೀಕ್ಷೆ ಇದೆಯಲ್ಲ? ರಾತ್ರಿ 10ರ ಪರೀಕ್ಷೆಯನ್ನು ಬೆಳಗ್ಗೆ 6:20ಕ್ಕೆ ಮಾಡಿಸಿ ಏನು ಪ್ರಯೋಜನ? ಆ ಮರಳಿನಲ್ಲಿ ಅಚ್ಚು ಮಾಡಿ, ಕಬ್ಬಿಣ ಸುರಿದು ಆಗಿಹೋಗಿದೆ. ಈಗ ಬರೆಯುವ ಅಂಕಿ ಸುಳ್ಳು ಅಂಕಿ.

ಸವಿತಾ, 8:17
ಪರೀಕ್ಷೆಯ ವಿಷಯದಲ್ಲಿ ನಿನ್ನ ಮಾತು ಪೂರ್ತಿ ಸರಿ, ಶಿವಾನಂದ. ಗುಂಡಿಯ ವಿಷಯದಲ್ಲಿ ಒಪ್ಪುವುದಿಲ್ಲ. 6:20ಕ್ಕೆ ಮೇಲ್ವಿಚಾರಕ ಕುಲುಮೆಯ ಬಳಿ ಇರುತ್ತಾನೆ, ಗುಂಡಿ ಒತ್ತುವುದು 8 ಗಂಟೆಗೋ 9ಕ್ಕೋ. ಆ ಹೊತ್ತಿಗೆ ಎರಡು ಪಾಳಿಯವರ ಬರಹ ಒಂದೇ ಖಾತೆಯಲ್ಲಿ ಕಲೆಸಿರುತ್ತದೆ.

ಇಲ್ಲಿ ಒಂದೇ ಹೆಸರಿನಡಿ ಎರಡು ಬೇರೆ ಕೆಲಸಗಳಿವೆ. ಪಾಳಿಯ ಖಾತೆ ತೆರೆಯುವುದು ಲೆಕ್ಕದ ಕೆಲಸ. ಅದು ಎಷ್ಟು ತಡವಾದರೂ ಆಗಲೇಬೇಕು, ಆದರೆ ಆರಂಭದ ಹೊತ್ತು ರಾತ್ರಿ 10:00 ಎಂದೇ ಇರಬೇಕು, 6:20 ಎಂದಲ್ಲ. ಜನರಿಗೆ ಕೆಲಸ ಹಂಚುವುದು ಬೇರೆ. ಹೊತ್ತು ಮೀರಿದ್ದರೆ ಹಂಚಬಾರದು, 'ಆಗಲಿಲ್ಲ, ಸರ್ವರ್ ನಿಂತಿತ್ತು' ಎಂದು ಬರೆದು ಬಿಡಬೇಕು. ಮುಗಿದುಹೋದ ಪಾಳಿಯವರ ಮೊಬೈಲಿಗೆ ಸಂದೇಶವನ್ನಂತೂ ಕಳುಹಿಸಲೇಬಾರದು. ಮನೆಗೆ ಹೋಗಿ ಮಲಗಿದವರನ್ನು ಎಬ್ಬಿಸಿದಂತಾಗುತ್ತದೆ.

ಮಲ್ಲಿಕಾರ್ಜುನ, 8:24
ಹಾಗಾದರೆ ಯಂತ್ರ ಎದ್ದಾಗಲೆಲ್ಲ ಓಡುವಂತೆ `@reboot` ಹಾಕಿ, ಎರಡು ಪಾಳಿಯನ್ನೂ ತುಂಬಿಸಲೇ?

ಸವಿತಾ, 8:26
ಬೇಡ. ನಾಳೆ ಬೆಳಗ್ಗೆ 11ಕ್ಕೆ ದುರಸ್ತಿಗೆಂದು ನೀನೇ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ನಡುಪಾಳಿಯಲ್ಲಿ ಇನ್ನೊಂದು ಪಾಳಿ ತೆರೆದುಕೊಳ್ಳುತ್ತದೆ.

ಶಿವಾನಂದ, 8:29
ಹಾಗಾದರೆ ಏನು ಮಾಡಬೇಕೆಂದು ಹೇಳು. ಬೇಡ ಎನ್ನುವುದು ಸುಲಭ.

ಸವಿತಾ, 8:48
ಹೇಳುತ್ತೇನೆ. '6 ಗಂಟೆಯಾಯಿತು, ಪಾಳಿ ತೆರೆ' ಎಂದು ಟೈಮರ್ ಹೇಳುವುದನ್ನು ನಿಲ್ಲಿಸು. 5 ನಿಮಿಷಕ್ಕೊಮ್ಮೆ ಸ್ಕ್ರಿಪ್ಟ್ ಏಳಲಿ. ಕೊನೆಗೆ ದಾಖಲಾದ ಪಾಳಿ ಯಾವುದು, ಅಲ್ಲಿಂದ ಈಗಿನವರೆಗೆ ಯಾವ ಯಾವ ಪಾಳಿ ಇರಬೇಕಿತ್ತು ಎಂದು ಲೆಕ್ಕ ಹಾಕಲಿ. ಇಲ್ಲದಿರುವುದನ್ನು ಹಳೆಯದರಿಂದ ಹೊಸದಕ್ಕೆ ಒಂದೊಂದಾಗಿ ತೆರೆಯಲಿ. ಎಲ್ಲ ಇದ್ದರೆ ಸುಮ್ಮನೆ ಮಲಗಲಿ. ಆಗ ಯಂತ್ರ 20 ನಿಮಿಷ ನಿಂತರೂ, ಎರಡು ದಿನ ನಿಂತರೂ ದಾರಿ ಒಂದೇ.

ಅನುಕ್ರಮ ಮುಖ್ಯ. ಮಧ್ಯಾಹ್ನದವರು ಮುಗಿಸದೆ ಬಿಟ್ಟ ಕೆಲಸ ರಾತ್ರಿಯವರಿಗೆ ಹೋಗಬೇಕು, ಅವರಿಂದ ಬೆಳಗಿನವರಿಗೆ. ಬೆಳಗಿನದನ್ನು ಮೊದಲು ತೆರೆದರೆ ನಡುವಿನ ಕೊಂಡಿ ತಪ್ಪುತ್ತದೆ.

ಒಂದೇ ಪಾಳಿ ಎರಡು ಸಲ ತೆರೆಯದಂತೆ ಡೇಟಾಬೇಸಿನಲ್ಲೇ ಬೀಗ ಹಾಕು. ಸ್ಕ್ರಿಪ್ಟನ್ನು ನಂಬಬೇಡ.

```
CREATE UNIQUE INDEX ux_shift
  ON shift_log (shift_date, shift_no);
```

ಇಲ್ಲಿ `shift_date` ಎಂದರೆ ಪಾಳಿ ಆರಂಭವಾಗಬೇಕಿದ್ದ ದಿನ. ನಿನ್ನ ಯಂತ್ರ ನಡುರಾತ್ರಿ 12:30ಕ್ಕೆ ಎದ್ದಿದ್ದರೆ ಗಡಿಯಾರ ಶನಿವಾರ ಎನ್ನುತ್ತಿತ್ತು. ನಿನ್ನ ಈಗಿನ ಸ್ಕ್ರಿಪ್ಟ್ ಶುಕ್ರವಾರದ ರಾತ್ರಿ ಪಾಳಿಯನ್ನು ಶನಿವಾರದ್ದೆಂದು ಬರೆಯುತ್ತಿತ್ತು. ಶನಿವಾರ ರಾತ್ರಿ 10ಕ್ಕೆ ಅದೇ ದಿನಾಂಕದಲ್ಲಿ ಮತ್ತೊಂದು.

ಮಲ್ಲಿಕಾರ್ಜುನ, 9:02
ತಡ ಎಂದರೆ ಎಷ್ಟು ತಡ? 10ಕ್ಕೆ ಬದಲು 10:10ಕ್ಕೆ ಯಂತ್ರ ಎದ್ದರೆ ತೇವಾಂಶ ಪರೀಕ್ಷೆ ಮಾಡಿಸಲೇಬೇಕಲ್ಲ.

ಸವಿತಾ, 9:04
ಅದನ್ನು ನಾನು ಹೇಳಲಾರೆ, ನೀನೂ ಹೇಳಬಾರದು. ಶಿವಾನಂದನಂಥವರು ಹೇಳಬೇಕು.

ಶಿವಾನಂದ, 9:15
ಪ್ರತಿ ಕೆಲಸಕ್ಕೂ ಬೇರೆ ಗಡುವು ಇಡಿ. ಫೌಂಡ್ರಿಯ ಮರಳು ನನ್ನ ಕ್ಷೇತ್ರವಲ್ಲ, ಆದರೆ ಆಲೋಚಿಸುವ ರೀತಿ ಇದು: ಮೊದಲ ಅಚ್ಚು ಸಿದ್ಧವಾಗುವ ಮುಂಚೆ ಪರೀಕ್ಷೆ ಆದರೆ ಬೆಲೆ ಇದೆ, ಆಮೇಲೆ ಇಲ್ಲ. ಕುಲುಮೆಯ ಒಳಪದರ ನೋಡುವ ಕೆಲಸ ಬೇರೆ. ರಾತ್ರಿ ತಪ್ಪಿದರೆ ಬೆಳಗಿನವರು ಎಲ್ಲಕ್ಕಿಂತ ಮೊದಲು ಅದನ್ನೇ ನೋಡಬೇಕು, ಬಿಟ್ಟುಬಿಡುವಂತಿಲ್ಲ. ಹಾಗಾಗಿ ಒಂದನ್ನು 'ಆಗಲಿಲ್ಲ' ಎಂದು ಬರೆಯಿರಿ, ಇನ್ನೊಂದನ್ನು ಮುಂದಿನ ಪಾಳಿಗೆ ದಾಟಿಸಿ. ಕಾಗದದಿಂದ ಆಮೇಲೆ ತುಂಬಿದ ಪ್ರತಿ ಅಂಕಿಯ ಪಕ್ಕದಲ್ಲೂ 'ನಂತರ ಬರೆದದ್ದು' ಎಂದಿರಲಿ, ಬರೆದವನ ಹೆಸರೂ ಇರಲಿ. ಇಷ್ಟು ಮಾಡಿದರೆ ಗುಂಡಿಯ ಹಟ ಬಿಡುತ್ತೇನೆ.

ಮಲ್ಲಿಕಾರ್ಜುನ, 9:21
ಇನ್ನೊಂದು ನನ್ನನ್ನು ಕಾಡುತ್ತಿದೆ. ಸವಿತಾ ಕೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. `systemctl list-timers` ನೋಡಿದ್ದೆ. LAST ಕೆಳಗೆ 06:20 ಇತ್ತು, ಓಡಿದೆ ಎಂದು ಸಮಾಧಾನಪಟ್ಟೆ.

ಸವಿತಾ, 9:27
ಆ 06:20ರಲ್ಲೇ ಸುಳಿವು ಇತ್ತು. 06:00 ಇರಬೇಕಾದಲ್ಲಿ 20 ನಿಮಿಷ ಹೆಚ್ಚು. ಆದರೂ ಆ ಪಟ್ಟಿ ಟೈಮರ್ ಓಡಿದ್ದನ್ನು ಮಾತ್ರ ತೋರಿಸುತ್ತದೆ, ಪಾಳಿ ತೆರೆದಿದೆಯೇ ಎಂಬುದನ್ನಲ್ಲ. ಗೇಟಿನ ಹಾಜರಿ ಯಂತ್ರದಂಥ ಇನ್ನೊಂದು ಕಂಪ್ಯೂಟರಿನಿಂದ 6:10, 2:10, 10:10ಕ್ಕೆ ಈ ಪಾಳಿಯ ಸಾಲು ಇದೆಯೇ ಎಂದು ಕೇಳಿಸು. ಇಲ್ಲದಿದ್ದರೂ, ಉತ್ತರವೇ ಬಾರದಿದ್ದರೂ ನಿನಗೆ ಕರೆ ಬರಲಿ. ಬಿದ್ದ ಯಂತ್ರ ತಾನು ಬಿದ್ದಿದ್ದೇನೆಂದು ಹೇಳಲಾರದು.

ಶಿವಾನಂದ, 9:30
ಮಲ್ಲಿಕಾರ್ಜುನ, ರಾತ್ರಿಯವರ ಹಾಜರಿ?

ಮಲ್ಲಿಕಾರ್ಜುನ, 12:46
ಕಾರ್ಖಾನೆಗೆ ಬಂದು ಕುಳಿತೇ ಮಾಡಿದೆ. ಮಧ್ಯಾಹ್ನದ ಪಾಳಿಯನ್ನು ರಾತ್ರಿ 10:00ಕ್ಕೆ ಮುಚ್ಚಿದೆ, ಈಗ 8 ಗಂಟೆ. ರಾತ್ರಿ ಪಾಳಿಯನ್ನು ಶುಕ್ರವಾರದ ದಿನಾಂಕಕ್ಕೆ ತೆರೆದು, ಮೇಲ್ವಿಚಾರಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗದದಿಂದ ತುಂಬಿದೆ. ತೇವಾಂಶವನ್ನು ರಾತ್ರಿ 10:15ಕ್ಕೆ ಅವರು ಕೈಯಲ್ಲೇ ಅಳೆದು ಬರೆದಿದ್ದರು. ಆ ಹೊತ್ತನ್ನೇ ಹಾಕಿದ್ದೇನೆ, 'ನಂತರ ಬರೆದದ್ದು' ಎಂದೂ ಇದೆ.

ಹೊಸ ಸ್ಕ್ರಿಪ್ಟನ್ನು ಪರೀಕ್ಷೆಯ ಯಂತ್ರದಲ್ಲಿ ಓಡಿಸಿದೆ. ಎರಡು ಪಾಳಿ ಅಳಿಸಿ ಬಿಟ್ಟೆ, ಎರಡೂ ಸರಿಯಾದ ಅನುಕ್ರಮದಲ್ಲಿ ಬಂದವು. ಮತ್ತೆ ಓಡಿಸಿದೆ, ಹೊಸದೇನೂ ತೆರೆಯಲಿಲ್ಲ. ಗುಂಪಿನಲ್ಲಿ ಹಾಕಿದ ಮೊದಲ ಫೈಲನ್ನು ಯಾರೂ ಬಳಸಬೇಡಿ, ಅಳಿಸುತ್ತಿದ್ದೇನೆ.