ಸಹಾಯ ಬೇಕು: ಬಿಲ್‌ನಲ್ಲಿರುವ ಲಾರಿ ಬಾಡಿಗೆಯನ್ನು ಸ್ಟಾಕಿಗೆ ಹಂಚುವುದು ಹೇಗೆ?

ನಮಸ್ಕಾರ್ರಿ. ವಿಜಯಪುರದಲ್ಲಿ ನಮ್ಮದು ಪೈಪ್ ಅಂಗಡಿ. ಹುಬ್ಬಳ್ಳಿಯಿಂದ ಮಾಲು ಬಂದಿದೆ. ಪೈಪ್ 30,000, ನಲ್ಲಿಗಳು 20,000, ಅದೇ ಬಿಲ್‌ನಲ್ಲಿ ಲಾರಿ ಬಾಡಿಗೆ 2,000 ರೂಪಾಯಿ. ಒಟ್ಟು 52,000ಕ್ಕೆ 18% ಜಿಎಸ್‌ಟಿ 9,360 ಸೇರಿ ಬಿಲ್ 61,360.

ಸ್ಟಾಕಿಗೆ 52,000 ಡೆಬಿಟ್. ಇನ್‌ಪುಟ್ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 4,680 ಡೆಬಿಟ್. ಪಾರ್ಟಿಗೆ 61,360 ಕ್ರೆಡಿಟ್. ಬಾಡಿಗೆ ಮೇಲಿನ 360 ತೆರಿಗೆಗೂ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅದನ್ನು ಮಾಲಿನ ದರಕ್ಕೆ ಸೇರಿಸಿಲ್ಲ. ಇಲ್ಲಿವರೆಗೆ ಸರಿ ಅಲ್ವಾ?

ತೊಡಕು ಮುಂದಿದೆ. ಬೆಲೆ ಪ್ರಕಾರ ಹಂಚಿದರೆ ಪೈಪಿಗೆ 1,200, ನಲ್ಲಿಗಳಿಗೆ 800 ಬಾಡಿಗೆ ಬೀಳುತ್ತದೆ. ಆದರೆ ನಲ್ಲಿಗಳು ಬಂದದ್ದು ಒಂದೇ ಡಬ್ಬಿಯಲ್ಲಿ, ಲಾರಿ ತುಂಬಿದ್ದು ಪೈಪು! ಹೀಗೆ ಮಾಡಿದರೆ ನಲ್ಲಿ ಸುಮ್ನೆ ತುಟ್ಟಿಯಾಗಿ ಕಾಣುತ್ತದೆ. ಮಾರ್ಚ್ ಕೊನೆಗೆ ಉಳಿದ ಸ್ಟಾಕಿನ ಬೆಲೆಯೂ ಬದಲಾಗುತ್ತದೆ. ತೂಕದ ಮೇಲೆ ಹಂಚಿದರೆ ಆಡಿಟರ್ ಒಪ್ಪುತ್ತಾರಾ? ನೀವು ಹೇಗೆ ಮಾಡ್ತೀರಿ, ಹೇಳ್ರಿ.