ಬಿಲ್ ಡೇಟ್ ಹಿಂದಿನ ದಿನವೋ, ಮಾರನೇ ದಿನವೋ? ಅನುಭವ ಹೇಳಿ

ಮಂಡ್ಯ, ಶಾಲಾ ಶಿಕ್ಷಕಿ: ನನ್ನ ಕ್ರೆಡಿಟ್ ಕಾರ್ಡಿಗೆ ಪ್ರತಿ ತಿಂಗಳು 12ಕ್ಕೆ ಬಿಲ್ ಆಗುತ್ತದೆ. ಕಟ್ಟಲು 20 ದಿನ ಸಮಯ. ಸಂಬಳ ಬರುವುದು 5ಕ್ಕೆ. ಜೂನ್‌ನಲ್ಲಿ 36,000ದ ವಾಷಿಂಗ್ ಮಷೀನ್ ತೆಗೆದುಕೊಳ್ಳಬೇಕು. 11ಕ್ಕೆ ತಗೊಳ್ಳಲೋ, 13ಕ್ಕೋ? ಯಾರಾದರೂ ಹೀಗೆ ಲೆಕ್ಕ ಹಾಕಿ ಕೊಂಡಿದ್ದೀರಾ?

ಮದ್ದೂರು, ಕಬ್ಬು ಬೆಳೆಗಾರ: ಮೇಡಂ, ನನ್ನ ಕಾರ್ಡೂ 12ರದ್ದೇ. ಹಿಂದೊಮ್ಮೆ ಜೂನ್ 13ಕ್ಕೆ ಬೋರ್‌ವೆಲ್‌ಗೆ 30,000ದ ಮೋಟರ್ ತಂದೆ. ಅದು ಜುಲೈ 12ರ ಬಿಲ್ಲಿಗೆ ಹೋಗುತ್ತದೆ, ಆಗಸ್ಟ್ 1ರವರೆಗೆ ಬಡ್ಡಿ ಇಲ್ಲ ಅಂತ ನೆಮ್ಮದಿಯಾಗಿದ್ದೆ. ಆದರೆ ಜೂನ್ 12ರ ಹಳೇ ಬಿಲ್ 8,400 ಇತ್ತು. ಜುಲೈ 2ಕ್ಕೆ ಅದರಲ್ಲಿ 7,200 ಕಟ್ಟಿ, ಉಳಿದ 1,200 ಕಬ್ಬಿನ ದುಡ್ಡು ಬಂದ ಮೇಲೆ ಕಟ್ಟೋಣ ಅಂತ ಬಿಟ್ಟೆ. ಮುಂದಿನ ಬಿಲ್ ನೋಡಿದರೆ ಮೋಟರಿನ 30,000ಕ್ಕೂ ತಂದ ದಿನದಿಂದಲೇ ಬಡ್ಡಿ. ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ ದಿನಕ್ಕೆ 34 ರೂಪಾಯಿ 52 ಪೈಸೆ. 30 ದಿನಕ್ಕೆ 1,036, ಮೇಲೆ ಜಿಎಸ್‌ಟಿ 186. ಹಳೇ ಬಿಲ್ಲಿನ ಬಡ್ಡಿ ಬೇರೆ. ಆಗಸ್ಟ್ 1ಕ್ಕೆ ಪೂರ್ತಿ ಕಟ್ಟಿ ಕೈ ತೊಳೆದುಕೊಂಡೆ ಅಂದುಕೊಂಡರೆ, ಆಗಸ್ಟ್ 12ರ ಬಿಲ್ಲಿನಲ್ಲಿ ಮತ್ತೆ 774! ಜುಲೈ 13ರಿಂದ ಕಟ್ಟಿದ ದಿನದವರೆಗಿನ 19 ದಿನದ್ದಂತೆ. 1,200 ಬಿಟ್ಟಿದ್ದಕ್ಕೆ ಇಷ್ಟು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೈಸೂರು ಹೆಬ್ಬಾಳ, ಫ್ಯಾಕ್ಟರಿ ನೌಕರ: ಅದು ನಿಮ್ಮ ತಪ್ಪು ಅಣ್ಣ, ಕಾರ್ಡಿನದ್ದಲ್ಲ. ನಾನು ನಾಲ್ಕು ವರ್ಷದಿಂದ ಒಂದು ಪೈಸೆ ಬಡ್ಡಿ ಕಟ್ಟಿಲ್ಲ. ಫ್ರಿಜ್, ಟಿವಿ, ಮಗನ ಸೈಕಲ್ ಎಲ್ಲ ಬಿಲ್ ಆಗುವ ದಿನ ಸಂಜೆಯೇ ತಂದಿದ್ದು. ಸಂಜೆ ಉಜ್ಜಿದರೆ ಮುಂದಿನ ಬಿಲ್ಲಿಗೇ ಹೋಗುತ್ತದೆ. ಇನ್ನೊಂದು, ಕೊನೇ ದಿನ ದಾಟಿದರೂ ಮೂರು ದಿನ ರಿಯಾಯಿತಿ ಇದೆ. ಸುಮ್ನೆ ಹೆದರಬೇಡಿ.

ಮದ್ದೂರು, ಕಬ್ಬು ಬೆಳೆಗಾರ: ತಿಂಗಳು ತಿಂಗಳು ಸಂಬಳ ಬರುವವರು ಹೇಳುವ ಮಾತು ಇದು. ನಮಗೆ ಕಾರ್ಖಾನೆ ದುಡ್ಡು ಯಾವಾಗ ಕೊಡುತ್ತದೋ ಅದೇ ಡೇಟ್.

ಮೈಸೂರು ಕುವೆಂಪುನಗರ, ನಿವೃತ್ತ ಬ್ಯಾಂಕ್ ನೌಕರ: ಹೆಬ್ಬಾಳದವರೇ, ಆ ಮೂರು ದಿನದ ಮಾತು ಅರ್ಧ ನಿಜ. ಮೂರು ದಿನ ದಾಟುವವರೆಗೆ ತಡ ಶುಲ್ಕ ಹಾಕುವಂತಿಲ್ಲ, ಸಿಬಿಲ್‌ನಂಥವರಿಗೆ ಬಾಕಿ ಅಂತ ತಿಳಿಸುವಂತೆಯೂ ಇಲ್ಲ. ಬಡ್ಡಿಗೆ ಆ ರಿಯಾಯಿತಿ ಇಲ್ಲ. ಕೊನೇ ದಿನ ಪೂರ್ತಿ ಕಟ್ಟದಿದ್ದರೆ ಬಡ್ಡಿ ಶುರು. ಸಂಜೆ ಉಜ್ಜುವುದನ್ನೂ ನಂಬಬೇಡಿ. ಸಾಮಾನ್ಯವಾಗಿ ಬಿಲ್ಲಿಗೆ ಸೇರುವುದು ಖಾತೆಗೆ ಪೋಸ್ಟ್ ಆದ, ಅಂದರೆ ಲೆಕ್ಕಕ್ಕೆ ಬಿದ್ದ ದಿನದ ಮೇಲೆ. ಒಂದು ಅಂಗಡಿಯದ್ದು ಮಾರನೇ ದಿನ ಬರುತ್ತದೆ, ಇನ್ನೊಂದರದ್ದು ಎರಡು ಮೂರು ದಿನ ಬಿಟ್ಟು. ನಿಮಗೆ ನಾಲ್ಕು ವರ್ಷ ಸರಿಹೋಯಿತು, ಅಷ್ಟೇ.

ನನ್ನ ಮಗಳು ಇದರಲ್ಲೇ ಸಿಕ್ಕಿಬಿದ್ದಳು. ಅವಳಿಗೂ 12ಕ್ಕೆ ಬಿಲ್. ಜೂನ್ 11ಕ್ಕೆ ಲ್ಯಾಪ್‌ಟಾಪ್ ತಂದಳು, ಅದೇ ದಿನ ಪೋಸ್ಟ್ ಆಯಿತು. ಜುಲೈ 2ಕ್ಕೆ ಕಟ್ಟಬೇಕಾಯಿತು, ಸಿಕ್ಕಿದ್ದು 21 ದಿನ. 13ಕ್ಕೆ ತಂದಿದ್ದರೆ ಆಗಸ್ಟ್ 1ರವರೆಗೆ 49 ದಿನ ಸಿಗುತ್ತಿತ್ತು. ಎರಡು ದಿನ ಕಾಯದೆ 28 ದಿನ ಕಳೆದುಕೊಂಡಳು. ಅವಳಿಗೂ ಸಂಬಳ 5ಕ್ಕೇ. 2ನೇ ತಾರೀಖು ಕೈಯಲ್ಲಿ ದುಡ್ಡಿಲ್ಲ, ನಾನೇ ಕಟ್ಟಿದೆ. ಆಮೇಲೆ ಬ್ಯಾಂಕಿಗೆ ಹೇಳಿ ಬಿಲ್ ಡೇಟನ್ನೇ 18ಕ್ಕೆ ಬದಲಿಸಿಕೊಟ್ಟೆ. ಈಗ 7, 8ನೇ ತಾರೀಖಿಗೆ ಕಟ್ಟುತ್ತಾಳೆ. ಒಂದು ಸಲವಾದರೂ ಹೀಗೆ ಬದಲಿಸಿಕೊಳ್ಳುವ ಹಕ್ಕನ್ನು ರಿಸರ್ವ್ ಬ್ಯಾಂಕೇ ಕೊಟ್ಟಿದೆ. ಬದಲಿಸಿದ ಮೊದಲ ತಿಂಗಳು ಮಾತ್ರ ಬಿಲ್ಲಿನ ಅವಧಿ ಹೆಚ್ಚುಕಮ್ಮಿ ಆಗುತ್ತದೆ. ಆಗ ಹಳೇ ಲೆಕ್ಕ ಹಿಡಿದು ದೊಡ್ಡ ಸಾಮಾನು ತರಬೇಡಿ.

ಮೈಸೂರು ವಿಜಯನಗರ, ಗೃಹಿಣಿ: 49 ದಿನ ಅಂತೆಲ್ಲ ನಂಬಬೇಡಿ ಮೇಡಂ. ನಾನು ಮಗಳ ಕಾಲೇಜು ಫೀಸಿಗೆ ಬಿಲ್ ಆದ ಮಾರನೇ ದಿನವೇ ಕಾರ್ಡಿನಲ್ಲಿ 20,000 ತೆಗೆದೆ. ಅವತ್ತಿನಿಂದಲೇ ಬಡ್ಡಿ ಹಾಕಿದರು. ತೆಗೆದಿದ್ದಕ್ಕೆ 500 ಶುಲ್ಕ ಬೇರೆ.

ಮೈಸೂರು ಹೆಬ್ಬಾಳ, ಫ್ಯಾಕ್ಟರಿ ನೌಕರ: ಮೇಡಂ, ನೀವು ಎಟಿಎಂನಲ್ಲಿ ನಗದು ತೆಗೆದಿದ್ದೀರಿ. ನಗದಿಗೆ ಒಂದು ದಿನವೂ ಬಡ್ಡಿ ಬಿಡುವುದಿಲ್ಲ. ಇಲ್ಲಿ ಕೇಳಿದ್ದು ವಾಷಿಂಗ್ ಮಷೀನ್.

ಮೈಸೂರು ವಿಜಯನಗರ, ಗೃಹಿಣಿ: ಫೀಸು ಕಟ್ಟಲು ಅವತ್ತೇ ಕೊನೇ ದಿನ, ಕಾಲೇಜಿನಲ್ಲಿ ಕಾರ್ಡ್ ತಗೊಳ್ಳಲಿಲ್ಲ. ನಾನೇನು ಮಾಡಬೇಕಿತ್ತು ಹೇಳಿ.

ಮದ್ದೂರು, ಕಬ್ಬು ಬೆಳೆಗಾರ: ಅದಕ್ಕೇ ನಾನು ಈಗ ಸೊಸೈಟಿ ಸಾಲಕ್ಕೇ ವಾಪಸ್ ಬಂದಿದ್ದೇನೆ. ಬಡ್ಡಿ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ.

ಮೈಸೂರು ಹೆಬ್ಬಾಳ, ಫ್ಯಾಕ್ಟರಿ ನೌಕರ: ಸೊಸೈಟಿಯಲ್ಲಿ ಜಾಮೀನಿಗೆ ಎಷ್ಟು ಜನರ ಕೈಕಾಲು ಹಿಡಿದಿರಿ, ಅದನ್ನೂ ಹೇಳಿ. ಸರಿಯಾಗಿ ಕಟ್ಟುವವರಿಗೆ ಕಾರ್ಡೇ ವಾಸಿ.

ಮಂಡ್ಯ, ಶಾಲಾ ಶಿಕ್ಷಕಿ: ನನ್ನದೂ ಹಳೇ ಬಿಲ್ಲಿನಲ್ಲಿ 640 ಬಾಕಿ ಇದೆ. ಇವತ್ತೇ ಕಟ್ಟಿದರೆ 13ಕ್ಕೆ ತರುವ ಮಷೀನ್‌ಗೆ ಬಡ್ಡಿ ಬರುವುದಿಲ್ಲವಾ ಸರ್?

ಮೈಸೂರು ಕುವೆಂಪುನಗರ, ನಿವೃತ್ತ ಬ್ಯಾಂಕ್ ನೌಕರ: 640 ಕಟ್ಟಿ, ಆದರೆ 12ರ ಬಿಲ್ ಬರುವವರೆಗೆ ಕಾಯಿರಿ. ಮದ್ದೂರಿನವರಿಗೆ ಕೊನೆಗೆ 774 ಬಂತಲ್ಲ, ಹಾಗೆ ಕಟ್ಟಿದ ದಿನದವರೆಗಿನ ಬಡ್ಡಿ ಆ ಬಿಲ್ಲಿನಲ್ಲಿ ಸ್ವಲ್ಪ ಬಂದೇ ಬರುತ್ತದೆ. ಅದನ್ನೂ ಪೈಸೆ ಬಿಡದೆ ಕಟ್ಟಿ. ಮಷೀನ್ ತರುವ ಮೊದಲು ಕಸ್ಟಮರ್ ಕೇರಿಗೆ ಫೋನ್ ಮಾಡಿ, ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳು ಮತ್ತೆ ಶುರುವಾಗಿವೆಯಾ ಅಂತ ಕೇಳಿ. ಕೆಲವು ಕಡೆ ಒಂದು ಬಿಲ್ ಪೂರ್ತಿ ಕಟ್ಟಿದ ಮೇಲೇ ಶುರು ಮಾಡುತ್ತಾರೆ. ಹಾಗೆ ಹೇಳಿದರೆ ಜುಲೈ 13ಕ್ಕೆ ತನ್ನಿ.